ಸಾದಗಪ್ಪು ಮುಖಕ್ಕೆ ಬಿಳಿಚಿಕೊಳ್ಳದ ಸನ್‌ಸ್ಕ್ರೀನ್, ಅದರ ಮೇಲೆ ಮದುವೆ ಮೇಕಪ್: ಯಾವುದು ಕೂರುತ್ತೆ?

ಕಾಫಿಹೂ
ಏಪ್ರಿಲ್ ಮೂರನೇ ವಾರ ವಿರಾಜಪೇಟೆಯಲ್ಲಿ ತಂಗಿ ಮದುವೆ. ಬೆಳಿಗ್ಗೆ ಏಳಕ್ಕೆ ತೋಟದಲ್ಲಿ ಫೋಟೋ, ಆಮೇಲೆ ಮಂಟಪ, ಮಧ್ಯಾಹ್ನ ಮತ್ತೆ ಹೊರಗೆ ವಾಲಗದ ಕುಣಿತ. ಅವಳದು ಸಾದಗಪ್ಪು ಬಣ್ಣ. ಹಣೆ, ಮೂಗು ಜಿಡ್ಡು, ಕೆನ್ನೆ ಒಣ, ಎರಡೂ ಕೆನ್ನೆ ಮೇಲೆ ತಿಳಿಯಾಗಿ ಬಂಗು ಇದೆ. ಈಗ ಬಳಸ್ತಿರೋದು ಎಸ್‌ಪಿಎಫ್ 50 ಮಿನರಲ್ ಸನ್‌ಸ್ಕ್ರೀನ್, ಟ್ಯೂಬ್ ಮೇಲೆ ಜಿಂಕ್ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್ ಎರಡೂ ಇದೆ. ಹಚ್ಚಿದ ಹತ್ತು ನಿಮಿಷಕ್ಕೆ ಮುಖ ಬೂದು ಬೂದಾಗುತ್ತೆ. ಮೇಲೆ ಫೌಂಡೇಶನ್ ಹಾಕಿದರೆ ಆ ಬೂದು ಹೋಗಲ್ಲ, ಸ್ವಲ್ಪ ನೇರಳೆ ಛಾಯೆ ಬರುತ್ತೆ. ಬ್ರಶ್ ಆಡಿಸಿದರೆ ರಬ್ಬರ್ ಉಜ್ಜಿದಾಗ ಬೀಳೋ ಪುಡಿ ಹಾಗೆ ಸುರುಳಿ ಸುರುಳಿ ಎದ್ದು ಬರುತ್ತೆ. ಫ್ಲ್ಯಾಶ್ ಹಾಕಿ ಫೋಟೋ ತೆಗೆದರೆ ಮುಖ ಬಿಳಿ, ಕುತ್ತಿಗೆ ಕಂದು.

ಮದುವೆಗೆ ಇನ್ನೂ ಎರಡು ತಿಂಗಳಿದೆ. ಯಾವುದು ಕೊಳ್ಳಬೇಕು, ಹೇಗೆ ಹಚ್ಚಬೇಕು, ತಿಳಿದವರು ಬಿಡಿಸಿ ಹೇಳಿ.

ತೋಟದಮನೆ
ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ? ಮಿನರಲ್ ಅಂದರೆ ಬಿಳಿ, ಕೆಮಿಕಲ್ ಅಂದರೆ ಬಣ್ಣ ಇಲ್ಲ. ಕೆಮಿಕಲ್ ಸನ್‌ಸ್ಕ್ರೀನ್ ತಗೊಳ್ಳಿ, ಮುಗೀತು. ಮದುವೆ ದಿನ ಅದೂ ಬೇಡ, ಎಸ್‌ಪಿಎಫ್ ಇರೋ ಫೌಂಡೇಶನ್ ಸಿಗುತ್ತೆ. ಬೆಳಿಗ್ಗೆ ಏಳಕ್ಕೆ ನಮ್ಮ ಕಡೆ ಮಂಜು ಕೂಡ ಸರಿದಿರಲ್ಲ.

ಔಷಧಿಪೆಟ್ಟಿಗೆ
ತೋಟದಮನೆಯವರು ಹೇಳಿದ್ದರಲ್ಲಿ ಅರ್ಧ ಸರಿ. ಉಳಿದ ಅರ್ಧವನ್ನು ನಂಬಿ ಟ್ಯೂಬ್ ಕೊಂಡರೆ ದುಡ್ಡು ದಂಡ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ಆ ನೇರಳೆ ಛಾಯೆ ಎಲ್ಲಿಂದ ಬಂತು ಅಂತ. ಜಿಂಕ್ ಮತ್ತು ಟೈಟೇನಿಯಂ ಎರಡೂ ಬಿಳಿ ಪುಡಿಗಳು. ಅವು ಬೆಳಕನ್ನು ಚದುರಿಸುತ್ತವೆ. ಟೈಟೇನಿಯಂ ಇನ್ನೂ ಜಾಸ್ತಿ ಚದುರಿಸುತ್ತೆ, ಬಿಳಿ ಬಣ್ಣದ ಪೇಂಟಿಗೆ ಹಾಕೋದೂ ಅದನ್ನೇ. ಪುಡಿ ಸಣ್ಣದಾದಷ್ಟೂ ನೀಲಿ ಬೆಳಕು ಹೆಚ್ಚು ಚದುರುತ್ತೆ. ಬಿಳಿ ಚರ್ಮದ ಮೇಲೆ ಅದು ಕಣ್ಣಿಗೆ ಬೀಳಲ್ಲ, ಕಂದು ಚರ್ಮದ ಮೇಲೆ ಬೂದು-ನೇರಳೆಯಾಗಿ ಎದ್ದು ಕಾಣುತ್ತೆ. ಫೌಂಡೇಶನ್ ಅದನ್ನು ಪೂರ್ತಿ ಮುಚ್ಚಲ್ಲ, ಯಾಕಂದರೆ ಬಳಿದದ್ದು ತೆಳು ಪದರ, ಅಡಿಯ ಬಣ್ಣ ಮೇಲೆ ಇಣುಕುತ್ತೆ. ಆಗ ಹೆಚ್ಚಿನವರು ಫೌಂಡೇಶನ್‌ನ ಶೇಡ್ ತಪ್ಪು ಅಂತ ಇನ್ನೊಂದು ಬಾಟಲಿ ಕೊಳ್ಳುತ್ತಾರೆ. ಶೇಡ್ ಸರಿಯಾಗೇ ಇರುತ್ತೆ.

ಇನ್ನು "ಕೆಮಿಕಲ್ ಅಂದರೆ ಬಣ್ಣ ಇಲ್ಲ" ಅನ್ನೋದು. ಬಹಳಷ್ಟು ಸಲ ನಿಜ, ಆದರೆ ಟ್ಯೂಬಿನ ಹಿಂಭಾಗ ಓದದೆ ನಂಬಬೇಡಿ. ಕೆಮಿಕಲ್ ಫಿಲ್ಟರ್ ಇರುವ ಎಷ್ಟೋ ಟ್ಯೂಬ್‌ಗಳಿಗೆ ಮುಖ ಬೆಳ್ಳಗೆ ಕಾಣಲಿ ಅಂತಲೇ ಟೈಟೇನಿಯಂ ಸೇರಿಸಿರುತ್ತಾರೆ. ಮುಂಭಾಗದಲ್ಲಿ "ಟೋನ್ ಅಪ್", "ಬ್ರೈಟನಿಂಗ್" ಅಂತ ಇದ್ದರೆ ಅನುಮಾನ ಪಡಿ. ಸಾಮಗ್ರಿ ಪಟ್ಟಿಯ ಕೊನೆಗೆ ಬಣ್ಣಗಳ ನಂಬರ್ ಇರುತ್ತೆ. ಸಿಐ 77891 ಅಂದರೆ ಟೈಟೇನಿಯಂ. ಸಿಐ 77491, 77492, 77499 ಅಂದರೆ ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್. 77891 ಒಂದೇ ಇದ್ದು ಐರನ್ ಆಕ್ಸೈಡ್ ಯಾವುದೂ ಇಲ್ಲದಿದ್ದರೆ ಆ ಕ್ರೀಮ್ ಸಾದಗಪ್ಪು ಮುಖವನ್ನು ಬೂದು ಮಾಡೋದು ಬಹುತೇಕ ಖಚಿತ. ಜೊತೆಗೆ ಐರನ್ ಆಕ್ಸೈಡ್ ಇದ್ದರೆ ಅದು ಟಿಂಟೆಡ್, ಅಂದರೆ ಚರ್ಮದ ಬಣ್ಣ ಬೆರೆಸಿದ್ದು, ಅದರ ಕಥೆ ಬೇರೆ. "ನೋ ವೈಟ್ ಕಾಸ್ಟ್" ಅಂತ ಮುಂಭಾಗದಲ್ಲಿ ಬರೆದಿರೋದು ಯಾರ ಚರ್ಮದ ಮೇಲೆ ನೋಡಿ ಬರೆದದ್ದೋ ಟ್ಯೂಬ್ ಹೇಳಲ್ಲ.

ಫೌಂಡೇಶನ್‌ನ ಎಸ್‌ಪಿಎಫ್ ಬಗ್ಗೆ: ಎಸ್‌ಪಿಎಫ್ ಪರೀಕ್ಷೆಯಲ್ಲಿ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚುತ್ತಾರೆ. ಮುಖಕ್ಕೂ ಕುತ್ತಿಗೆಗೂ ಸೇರಿ ಹೆಚ್ಚುಕಡಿಮೆ ಅರ್ಧ ಟೀ ಚಮಚಕ್ಕೆ ಸಮ. ಅಷ್ಟು ಫೌಂಡೇಶನ್ ಯಾರೂ ಬಳಿಯಲ್ಲ, ಬಳಿದರೆ ನೋಡೋ ಹಾಗಿರಲ್ಲ. ಹಾಗಾಗಿ ಬಾಟಲಿಯ ಮೇಲಿನ ಸಂಖ್ಯೆ ಮುಖದ ಮೇಲೆ ಬರಲ್ಲ.

ಮಂಜಿನ ವಿಷಯಕ್ಕೂ ಒಂದು ಮಾತು. ತೆಳು ಮೋಡದ ಮೂಲಕ ನೇರಳಾತೀತ ಕಿರಣ 80% ವರೆಗೂ ದಾಟಿ ಬರಬಹುದು. ಏಳು ಗಂಟೆಗೆ ಕಿರಣ ಕಡಿಮೆ ಅನ್ನೋದು ಒಪ್ಪುತ್ತೀನಿ. ಆದರೆ ಏಪ್ರಿಲ್ 22, 23ರ ಸುಮಾರಿಗೆ ಕೊಡಗಿನಲ್ಲಿ ಸೂರ್ಯ ನೆತ್ತಿಗೆ ನೇರ ಬರುತ್ತಾನೆ, ಮಧ್ಯಾಹ್ನ 12.25ರ ಹೊತ್ತಿಗೆ ನೆರಳು ಕಾಲಡಿಯಲ್ಲೇ ಇರುತ್ತೆ. ಇವರ ಮದುವೆ ಅದೇ ವಾರ, ವಾಲಗ ಅದೇ ಹೊತ್ತು. ನಮ್ಮೂರಲ್ಲಿ ಗಾಳಿ ತಂಪಿರೋದರಿಂದ ಬಿಸಿಲು ಸುಡುತ್ತಿದೆ ಅಂತ ಗೊತ್ತೇ ಆಗಲ್ಲ.

ಕುಶಾಲನಗರ ಅಮ್ಮ
ಎರಡು ತಿಂಗಳಲ್ಲಿ ಹುಡುಗಿ ಬಣ್ಣ ಎರಡು ಶೇಡ್ ತಿಳಿಯಾಗೋ ಸನ್‌ಸ್ಕ್ರೀನ್ ಇದೆ ಅಂತ ಜಾಹೀರಾತಿನಲ್ಲಿ ನೋಡಿದೆ. ಅದು ಆಗಬಹುದಾ? ಮದುಮಗಳಿಗೆ ಅದೇ ಅಲ್ವಾ ಬೇಕಿರೋದು.

ಕನ್ನಡಿ_ವಿರಾಜಪೇಟೆ
ಅಮ್ಮಾ, ಅವರು ಕೇಳಿದ್ದು ಬೆಳ್ಳಗಾಗೋದಲ್ಲ, ಇರೋ ಬಣ್ಣ ಹಾಗೇ ಕಾಣಬೇಕು ಅಂತ. ಸನ್‌ಸ್ಕ್ರೀನ್ ಹುಟ್ಟು ಬಣ್ಣವನ್ನು ತಿಳಿ ಮಾಡಲ್ಲ, ಬಿಸಿಲಿಗೆ ಇನ್ನಷ್ಟು ಕಪ್ಪಾಗೋದನ್ನು, ಬಂಗು ಗಾಢವಾಗೋದನ್ನು ತಡೆಯುತ್ತೆ ಅಷ್ಟೆ. ಕೊಡವ ಮದುಮಗಳ ಕೆಂಪು ಸೀರೆಗೆ ಸಾದಗಪ್ಪು ಮುಖ ಎಷ್ಟು ಒಪ್ಪುತ್ತೆ ಅಂದರೆ ಅದನ್ನು ಬೂದು ಮಾಡಿ ಕೂರಿಸೋದು ನನಗೆ ನಿಜಕ್ಕೂ ಸಂಕಟ.

ಕಾಫಿಹೂ, ನಾನು ಮದುಮಕ್ಕಳಿಗೆ ಮೇಕಪ್ ಮಾಡುವವಳು, ಆ ಸುರುಳಿ ಏಳೋದರ ಬಗ್ಗೆ ಹೇಳ್ತೀನಿ. ಇದು ಸನ್‌ಸ್ಕ್ರೀನ್ ಒಂದರದೇ ತಪ್ಪಾಗಿರಲ್ಲ. ಕೆಳಗೆ ಸೀರಂ, ಅದರ ಮೇಲೆ ಜೆಲ್, ಅದರ ಮೇಲೆ ಸನ್‌ಸ್ಕ್ರೀನ್, ಮೇಲೆ ಪ್ರೈಮರ್, ಹೀಗೆ ಪದರ ಏರಿಸಿದಾಗ ಯಾವುದೋ ಒಂದು ಪೂರ್ತಿ ಒಣಗಿರಲ್ಲ. ಮೇಲೆ ಉಜ್ಜಿದಾಗ ಅರೆ ಒಣಗಿದ ಪೊರೆ ಸುತ್ತಿಕೊಂಡು ಬರುತ್ತೆ. ಯಾವುದು ಅಂತ ಕಂಡುಹಿಡಿಯೋಕೆ ಮುಖ ಬೇಡ, ಮೊಣಕೈ ಒಳಭಾಗ ಸಾಕು. ಮೂರು ಕಡೆ ರೂಪಾಯಿ ನಾಣ್ಯದಗಲ ಗುರುತು ಮಾಡಿ. ಮೊದಲನೆಯದಕ್ಕೆ ಬರೀ ಸನ್‌ಸ್ಕ್ರೀನ್. ಎರಡನೆಯದಕ್ಕೆ ದಿನಾ ಹಚ್ಚೋ ಸೀರಂ, ಮಾಯಿಶ್ಚರೈಸರ್, ಮೇಲೆ ಸನ್‌ಸ್ಕ್ರೀನ್. ಮೂರನೆಯದಕ್ಕೆ ಬರೀ ಸನ್‌ಸ್ಕ್ರೀನ್, ಹತ್ತು ನಿಮಿಷ ಬಿಟ್ಟು ಫೌಂಡೇಶನ್. ಕಾಲು ಗಂಟೆ ಆದಮೇಲೆ ಒಣ ಬೆರಳಿಂದ ಮೂರನ್ನೂ ಉಜ್ಜಿ. ಮೊದಲನೆಯದೇ ಸುರುಳಿಯಾದರೆ ಆ ಟ್ಯೂಬ್ ಮೇಕಪ್ಪಿಗೆ ಆಗಿಬರಲ್ಲ. ಎರಡನೆಯದು ಮಾತ್ರ ಆದರೆ ಸೀರಂ ಬಿಡಿ. ಮೂರನೆಯದು ಮಾತ್ರ ಆದರೆ ಫೌಂಡೇಶನ್ನಿಗೂ ಅದಕ್ಕೂ ಹೊಂದಾಣಿಕೆ ಇಲ್ಲ.

ಹೊಂದಾಣಿಕೆ ಅಂದರೆ ಬಹುಪಾಲು ಸಿಲಿಕೋನ್ ವಿಷಯ. ಪಟ್ಟಿಯ ಮೊದಲ ನಾಲ್ಕೈದು ಹೆಸರಲ್ಲಿ ಡೈಮೆಥಿಕೋನ್ ಅಥವಾ ಸೈಕ್ಲೋಪೆಂಟಾಸಿಲೋಕ್ಸೇನ್ ಇದ್ದರೆ ಅದು ಸಿಲಿಕೋನ್ ಜಾತಿ. ಇಡೀ ದಿನ ನಿಲ್ಲೋ ಫೌಂಡೇಶನ್‌ಗಳಲ್ಲಿ ಹೆಚ್ಚಿನವು ಅದೇ. ಸಿಲಿಕೋನ್ ಸನ್‌ಸ್ಕ್ರೀನಿನ ಮೇಲೆ ನೀರಿನಂಥ ಫೌಂಡೇಶನ್ ಹಾಕಿದರೆ ಅದು ಹರಡದೆ ಅಲ್ಲಲ್ಲಿ ತೇಪೆಯಾಗಿ ನಿಲ್ಲುತ್ತೆ.

ನಾಪೋಕ್ಲು ಸ್ಟಿಕ್
ಮೇಕಪ್ಪು ನನಗೆ ಗೊತ್ತಿಲ್ಲ. ಹಾಕಿ ಪಂದ್ಯ ನೋಡೋಕೆ ಗ್ಯಾಲರಿಯಲ್ಲಿ ಕೂತರೆ ಸನ್‌ಸ್ಕ್ರೀನ್ ಬೆವರಿನ ಜೊತೆ ಕಣ್ಣಿಗಿಳಿದು ಉರಿಯುತ್ತೆ. ಇನ್ನೊಂದು, ಬಿಳಿ ಅಂಗಿ ಕಾಲರ್ ಒಗೆದ ಮೇಲೆ ತುಕ್ಕಿನ ಬಣ್ಣಕ್ಕೆ ತಿರುಗುತ್ತೆ. ಬೆವರಿನ ಕಲೆ ಅಂತ ಬ್ಲೀಚ್ ಹಾಕಿದರೆ ಇನ್ನೂ ಕೆಂಪಾಗುತ್ತೆ. ಇದು ಯಾಕೆ?

ಔಷಧಿಪೆಟ್ಟಿಗೆ
ಒಳ್ಳೇ ಪ್ರಶ್ನೆ, ಮದುವೆಗೂ ಬೇಕಾದದ್ದೇ. ಬಣ್ಣವಿಲ್ಲದ ಸನ್‌ಸ್ಕ್ರೀನ್‌ಗಳಲ್ಲಿ ಅವೊಬೆನ್ಜೋನ್ ಅನ್ನೋ ಫಿಲ್ಟರ್ ತುಂಬಾ ಸಾಮಾನ್ಯ. ಅದು ಕಬ್ಬಿಣದ ಜೊತೆ ಸೇರಿದರೆ ಕಿತ್ತಳೆ ಬಣ್ಣ ಕಟ್ಟುತ್ತೆ. ನಿಮ್ಮ ಬೋರ್‌ವೆಲ್ ನೀರು ಬಕೆಟ್ ತಳದಲ್ಲಿ ಕೆಂಪು ಬಿಡುವಂಥದ್ದಾದರೆ ಕಬ್ಬಿಣ ಅಲ್ಲಿಂದಲೇ ಬರುತ್ತೆ. ಅದಕ್ಕೇ ಕಲೆ ಹಾಕಿಕೊಂಡಾಗ ಕಾಣಲ್ಲ, ಒಗೆದ ಮೇಲೆ ಕಾಣುತ್ತೆ. ಬ್ಲೀಚ್ ಖಂಡಿತ ಬೇಡ. ನಿಂಬೆರಸ ಅಥವಾ ಸಿಟ್ರಿಕ್ ಆಸಿಡ್ ನೀರಲ್ಲಿ ಕಾಲರ್ ಅದ್ದಿಟ್ಟು ತೊಳೆಯಿರಿ. ಕಣ್ಣುರಿಗೆ, ಕಣ್ಣಿನ ಸುತ್ತ ಮಾತ್ರ ಜಿಂಕ್ ಇರುವ ಟಿಂಟೆಡ್ ಸ್ಟಿಕ್ ಬಳಸಿ, ಜಿಂಕ್ ಉರಿಯೋದು ಅಪರೂಪ.

ಕಾಫಿಹೂ, ಇದರಲ್ಲಿ ನಿಮಗೂ ಒಂದು ಪಾಠ ಇದೆ. ಮದುಮಗನ ಬಿಳಿ ಕುಪ್ಯದ ಕೊರಳಪಟ್ಟಿಗೆ ಈ ಕಲೆ ಕೂರುತ್ತೆ. ಅವನಿಗೆ ಹಚ್ಚೋದಾದರೆ ಅವೊಬೆನ್ಜೋನ್ ಇಲ್ಲದ್ದು ಹುಡುಕಿ. ಪಟ್ಟಿಯಲ್ಲಿ ಅದರ ಹೆಸರು ಬ್ಯುಟೈಲ್ ಮೆಥಾಕ್ಸಿ ಡೈಬೆಂಜಾಯ್ಲ್ ಮೀಥೇನ್ ಅಂತ ಇರುತ್ತೆ.

ಕಾಫಿಹೂ
ಕನ್ನಡಿ ಅಕ್ಕ ಹೇಳಿದ ಕೈ ಪರೀಕ್ಷೆ ಮಾಡಿದೆವು. ಎರಡನೆಯದೂ ಮೂರನೆಯದೂ ಸುರುಳಿಯಾಯ್ತು, ಮೊದಲನೆಯದು ಆಗಲಿಲ್ಲ. ಹಳೇ ಟ್ಯೂಬ್ ಬಿಟ್ಟು ಈಗ ಎರಡು ತಂದಿದ್ದೀವಿ. ಒಂದು ಬಣ್ಣವಿಲ್ಲದ ನೀರು ನೀರಾದ ಜೆಲ್, ಎಸ್‌ಪಿಎಫ್ 50, ಪಿಎ ನಾಲ್ಕು ಪ್ಲಸ್, 77891 ಇಲ್ಲ. ಇನ್ನೊಂದು ಟಿಂಟೆಡ್, ಮೂರೂ ಐರನ್ ಆಕ್ಸೈಡ್ ಇವೆ. ಸೀರಂ ಹಚ್ಚದೆ, ಮುಖದ ಎಡಕ್ಕೆ ಜೆಲ್, ಬಲಕ್ಕೆ ಟಿಂಟೆಡ್ ಹಚ್ಚಿ, ಕಾಲು ಗಂಟೆ ಬಿಟ್ಟು ಕಿಟಕಿ ಬೆಳಕಲ್ಲಿ ನೋಡಿದೆವು.

ಎಡಗಡೆ ಬೂದು ಸುತರಾಂ ಇಲ್ಲ. ಆದರೆ ಫೌಂಡೇಶನ್ ಹಾಕಿದ ಎರಡು ಗಂಟೆಗೆ ಮೂಗಿನ ಪಕ್ಕ ಜಾರಿ ಗೆರೆ ಕಟ್ಟಿತು. ಬಲಗಡೆ ಫೌಂಡೇಶನ್ ಚೆನ್ನಾಗಿ ನಿಂತಿದೆ, ಆದರೆ ಬರೀ ಟಿಂಟೆಡ್ ಇದ್ದಾಗ ಕೆನ್ನೆ ಕಿತ್ತಳೆ ಕಿತ್ತಳೆ, ದವಡೆ ಹತ್ತಿರ ಕುತ್ತಿಗೆಗೆ ಹೊಂದಲ್ಲ. ಈಗ ಯಾವುದು?

ಔಷಧಿಪೆಟ್ಟಿಗೆ
ಎರಡೂ ಬೇಕು, ಬೇರೆ ಬೇರೆ ಕೆಲಸಕ್ಕೆ.

ಬಂಗು ಇರೋರಿಗೆ ನೇರಳಾತೀತ ಕಿರಣ ತಡೆದರೆ ಸಾಲದು. ಕಣ್ಣಿಗೆ ಕಾಣುವ ಬೆಳಕೂ, ಅದರಲ್ಲೂ ನೀಲಿ ಕಡೆಯದು, ಕಂದು ಚರ್ಮದಲ್ಲಿ ಕಪ್ಪು ಕಲೆಯನ್ನು ಗಾಢ ಮಾಡುತ್ತೆ. ಪಾರದರ್ಶಕ ಜೆಲ್ ಆ ಬೆಳಕನ್ನು ತಡೆಯಲ್ಲ, ತಡೆದಿದ್ದರೆ ಪಾರದರ್ಶಕವಾಗಿ ಇರುತ್ತಲೇ ಇರಲಿಲ್ಲ. ತಡೆಯೋದು ಐರನ್ ಆಕ್ಸೈಡ್. ಹಾಗಾಗಿ ಮದುವೆ ತನಕ ಈ ಎರಡು ತಿಂಗಳು, ಮೇಕಪ್ ಇಲ್ಲದ ದಿನಗಳಲ್ಲಿ, ಟಿಂಟೆಡ್ ಹಚ್ಚಲಿ. ಬಂಗಿನ ವಿಷಯದಲ್ಲಿ ಮದುವೆಯ ಒಂದು ದಿನಕ್ಕಿಂತ ಈ ಅರವತ್ತು ದಿನಗಳೇ ಮುಖ್ಯ. ಶೇಡ್ ಕಿತ್ತಳೆ ಅನ್ನಿಸಿದರೆ "ಎಲ್ಲ ಬಣ್ಣಕ್ಕೂ ಒಂದೇ" ಅನ್ನುವ ಟಿಂಟ್ ಬಿಟ್ಟು ಎರಡು ಮೂರು ಶೇಡ್‌ನಲ್ಲಿ ಬರುವುದರಲ್ಲಿ ಗಾಢವಾದದ್ದು ತಗೊಳ್ಳಿ. ಬಂಗಿಗೆ ಮುಲಾಮು ಬೇಕಿದ್ದರೆ ಚರ್ಮದ ಡಾಕ್ಟರ ಹತ್ತಿರ ಈಗಲೇ ಹೋಗಿ, ಮದುವೆ ಹಿಂದಿನ ವಾರ ಹೊಸದೇನನ್ನೂ ಶುರು ಮಾಡಬೇಡಿ.

ಮದುವೆ ದಿನಕ್ಕೆ ಜೆಲ್ ಸಾಕು. ಕೆನ್ನೆಯ ಮೇಲೆ ದಟ್ಟವಾಗಿ ಕೂರುವ ಫೌಂಡೇಶನ್‌ನ ಕಂದು ಬಣ್ಣವೇ ಐರನ್ ಆಕ್ಸೈಡಿನದು. ಅಡಿಯಲ್ಲಿ ಜೆಲ್ ನೇರಳಾತೀತವನ್ನು ನೋಡಿಕೊಂಡರೆ ಕಾಣುವ ಬೆಳಕನ್ನು ಫೌಂಡೇಶನ್ ತಕ್ಕಮಟ್ಟಿಗೆ ನೋಡಿಕೊಳ್ಳುತ್ತೆ. ಎರಡನ್ನೂ ಅಂಗೈಯಲ್ಲಿ ಕಲಸಿ ಒಂದೇ ಸಲ ಹಚ್ಚೋದು ಮಾತ್ರ ಬೇಡ. ಸನ್‌ಸ್ಕ್ರೀನ್ ಮುಖದ ಮೇಲೆ ಕಟ್ಟಬೇಕಾದ ಸಮನಾದ ಪೊರೆ ಒಡೆಯುತ್ತೆ, ಎಷ್ಟು ರಕ್ಷಣೆ ಉಳಿಯಿತು ಅಂತ ಹೇಳೋರು ಯಾರೂ ಇಲ್ಲ.

ತೋಟದಮನೆ
ಕಾಣೋ ಬೆಳಕಿನ ವಿಷಯ ನನಗೆ ಹೊಸದು. ಹಾಗಾದರೆ ಮನೆಯೊಳಗೆ ಬಲ್ಬಿಗೂ, ಮೊಬೈಲಿಗೂ ಹಚ್ಚಬೇಕಾ?

ಔಷಧಿಪೆಟ್ಟಿಗೆ
ಬೇಡ. ಬಿಸಿಲಿನಲ್ಲಿರುವ ಬೆಳಕಿನ ಪ್ರಮಾಣಕ್ಕೆ ಹೋಲಿಸಿದರೆ ಮೊಬೈಲಿನದು ತೀರಾ ಅಲ್ಪ. ಕಿಟಕಿ ಪಕ್ಕ ಇಡೀ ದಿನ ಕೂತು ಕೆಲಸ ಮಾಡುವ ಬಂಗಿನವರು ಮಾತ್ರ ಹಚ್ಚಿಕೊಳ್ಳಲಿ.

ಕನ್ನಡಿ_ವಿರಾಜಪೇಟೆ
ಜೆಲ್ ಮೂಗಿನ ಹತ್ತಿರ ಜಾರೋದು ಸರಿ ಮಾಡಬಹುದು. ಕೆಮಿಕಲ್ ಫಿಲ್ಟರ್‌ಗಳಲ್ಲಿ ಹಲವು ಎಣ್ಣೆ ರೂಪದಲ್ಲೇ ಇರುತ್ತವೆ, ಜಿಡ್ಡು ಮೂಗಿನ ಮೇಲೆ ಅದು ಇನ್ನಷ್ಟು ಸಡಿಲ. ಪ್ರಮಾಣ ಕಡಿಮೆ ಮಾಡಬೇಡ ಮಾರಾಯ್ತಿ, ಹಚ್ಚೋ ಕ್ರಮ ಬದಲಿಸು.

ಆರೂವರೆಗೆ ಮೇಕಪ್ ಮುಗಿಯಬೇಕು ಅಂದರೆ ನಾಲ್ಕೂಕಾಲಿಗೆ ಮುಖ ತೊಳೀಲಿ. ಕೆನ್ನೆಗೆ ಮಾತ್ರ ಅವರೆಕಾಳಿನಷ್ಟು ಮಾಯಿಶ್ಚರೈಸರ್, ಹಣೆ ಮೂಗಿಗೆ ಏನೂ ಬೇಡ. ಐದು ನಿಮಿಷ ಬಿಟ್ಟು ತೋರುಬೆರಳಿನ ಉದ್ದಕ್ಕೆ ಒಂದು ಗೆರೆ ಜೆಲ್ ತೆಗೆದು ಮುಖಕ್ಕೆಲ್ಲ ಸವರಿ. ಇನ್ನೈದು ನಿಮಿಷ ಬಿಟ್ಟು ನಡುಬೆರಳಿನ ಉದ್ದಕ್ಕೆ ಎರಡನೇ ಗೆರೆ. ಅದನ್ನು ಮುಖಕ್ಕೂ ಕುತ್ತಿಗೆಗೂ ಕಿವಿಗೂ ಕತ್ತಿನ ಹಿಂಭಾಗಕ್ಕೂ ಹಂಚಿ. ಒಂದೇ ಸಲ ಎರಡು ಗೆರೆ ಹಚ್ಚಿದರೆ ಮೇಲ್ಭಾಗ ಒಣಗಿ ಒಳಗೆ ಹಸಿ ಉಳಿಯುತ್ತೆ, ಜಾರೋದು ಅದೇ. ಆಮೇಲೆ ಕಾಲು ಗಂಟೆ ಮುಖ ಮುಟ್ಟಬಾರದು. ಆ ಹೊತ್ತಲ್ಲಿ ಕೂದಲು ಕಟ್ಟಿ ಹೂ ಮುಡಿಸಿದರೆ ಸಮಯ ವ್ಯರ್ಥ ಆಗಲ್ಲ. ಕೈ ಹಿಂಭಾಗದಿಂದ ಕೆನ್ನೆ ಮುಟ್ಟಿ ನೋಡಿ, ಅಂಟದಿದ್ದರೆ ತಯಾರು.

ಮೂಗಿನ ಪಕ್ಕ, ಹಣೆ ನಡುವೆ ಟಿಶ್ಯೂ ಒಂದು ಸಲ ಒತ್ತಿ, ಒರೆಸಬೇಡಿ. ಫೌಂಡೇಶನ್ ಬ್ರಶ್‌ನಿಂದ ಎಳೆಯಬಾರದು. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಒತ್ತಿ ಒತ್ತಿ ಕೂರಿಸಿ. ಎಳೆದ ಕಡೆಯೆಲ್ಲ ಅಡಿಯ ಸನ್‌ಸ್ಕ್ರೀನ್ ಕಿತ್ತು ಬರುತ್ತೆ. ಪ್ರೈಮರ್ ಬಿಟ್ಟುಬಿಡಿ, ಚೆನ್ನಾಗಿ ಒಣಗಿದ ಜೆಲ್ಲೇ ಆ ಕೆಲಸ ಮಾಡುತ್ತೆ. ಪೌಡರ್ ಮೂಗು, ಹಣೆ, ಗದ್ದಕ್ಕೆ ಮಾತ್ರ.

ಮತ್ತೆ ಫ್ಲ್ಯಾಶಿನಲ್ಲಿ ಬಿಳಿಚೋದು. ಅದಕ್ಕೆ ಟೈಟೇನಿಯಂ ಜೊತೆ ಇನ್ನೊಂದು ಕಳ್ಳ ಇದ್ದಾನೆ, ಬಣ್ಣವಿಲ್ಲದ ಸಿಲಿಕಾ ಪೌಡರ್. ಬರಿಗಣ್ಣಿಗೆ ಏನೂ ಕಾಣಲ್ಲ, ಫ್ಲ್ಯಾಶ್ ಬಿದ್ದ ತಕ್ಷಣ ಕಣ್ಣಡಿಯಲ್ಲಿ ಬಿಳಿ ಮಚ್ಚೆ. ಪೂರ್ತಿ ಮೇಕಪ್ ಹಾಕಿ, ದೀಪ ಆರಿಸಿದ ಕೋಣೆಯಲ್ಲಿ ಫೋನಿನ ಹಿಂದಿನ ಕ್ಯಾಮೆರಾದಿಂದ ಫ್ಲ್ಯಾಶ್ ಹಾಕಿ ಒಂದು ಫೋಟೋ, ಪೌಡರ್ ಇಲ್ಲದೆ ಇನ್ನೊಂದು ಫೋಟೋ ತೆಗೀರಿ. ಎರಡರಲ್ಲೂ ಬಿಳಿ ಇದ್ದರೆ ಸನ್‌ಸ್ಕ್ರೀನ್ ಅಥವಾ ಫೌಂಡೇಶನ್, ಮೊದಲನೆಯದರಲ್ಲಿ ಮಾತ್ರ ಇದ್ದರೆ ಪೌಡರ್. ಚರ್ಮಕ್ಕೆ ಹೊಂದುವ ಕಂದು ಪೌಡರ್ ತಗೊಂಡರೆ ಈ ಕಾಟ ಇರಲ್ಲ.

ಔಷಧಿಪೆಟ್ಟಿಗೆ
ನಾಲ್ಕೂಕಾಲಿಗೆ ಹಚ್ಚಿದ್ದು ಮಧ್ಯಾಹ್ನದ ವಾಲಗದ ತನಕ ಬರುತ್ತೆ ಅಂತ ಮಾತ್ರ ಅಂದುಕೊಳ್ಳಬೇಡಿ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಬೆವರಿದರೆ ಅದಕ್ಕೂ ಮುಂಚೆ. ಹೊರಗೆ ಹೋಗೋ ಮುಂಚೆ ಟಿಶ್ಯೂ ಒತ್ತಿ ಜಿಡ್ಡು ತೆಗೆದು, ಅರ್ಧ ಬೆರಳಿನಷ್ಟು ಜೆಲ್ಲನ್ನು ಸ್ಪಂಜಿಗೆ ತಗೊಂಡು ಕೆನ್ನೆ ಮೂಳೆ, ಮೂಗು, ಹಣೆಗೆ ಒತ್ತಿ.

ಕನ್ನಡಿ_ವಿರಾಜಪೇಟೆ
ಇದನ್ನು ನಾನು ಒಪ್ಪಲ್ಲ. ಎಂಟು ಗಂಟೆ ಕೂತಿರೋ ಫೌಂಡೇಶನ್ ಮೇಲೆ ಹಸಿ ಜೆಲ್ ಒತ್ತಿದರೆ ಅದು ಕರಗಿ ತೇಪೆಯಾಗುತ್ತೆ, ಆಮೇಲಿನ ಫೋಟೋಗಳೆಲ್ಲ ಹಾಳು. ಎಸ್‌ಪಿಎಫ್ ಇರುವ ಕುಶನ್ ಫೌಂಡೇಶನ್, ಅವಳ ಶೇಡ್‌ನದ್ದು, ಎರಡು ಸಲ ಒತ್ತಿದರೆ ಬಣ್ಣವೂ ಸರಿಯಾಗುತ್ತೆ.

ಔಷಧಿಪೆಟ್ಟಿಗೆ
ಬಣ್ಣ ಸರಿಯಾಗುತ್ತೆ, ರಕ್ಷಣೆ ಅಷ್ಟು ಬರಲ್ಲ, ಕುಶನ್ನಿಂದ ಬೀಳೋದು ತೀರಾ ತೆಳು. ಪೌಡರ್ ಸನ್‌ಸ್ಕ್ರೀನ್ ಇನ್ನೂ ಕಡಿಮೆ. ಏನೂ ಇಲ್ಲದಿರೋದಕ್ಕಿಂತ ಕುಶನ್ ವಾಸಿ ಅನ್ನೋದನ್ನು ಒಪ್ತೀನಿ. ಆದರೆ 12 ಗಂಟೆ ಬಿಸಿಲಲ್ಲಿ ಅರ್ಧ ತಾಸು ನಿಲ್ಲೋದಾದರೆ ಅದನ್ನು ನಂಬಿ ನಿಲ್ಲಿಸಬೇಡಿ, ಕೊಡೆ ಹಿಡೀರಿ.

ಕನ್ನಡಿ_ವಿರಾಜಪೇಟೆ
ಕೊಡೆಗೆ ನನ್ನ ತಕರಾರಿಲ್ಲ. ಜೆಲ್ ಒತ್ತೋದನ್ನು ಟ್ರಯಲ್ ದಿನ ಒಂದು ಕೆನ್ನೆಗೆ ಮಾಡಿ ನೋಡಿ, ತೇಪೆಯಾಗದಿದ್ದರೆ ನಾನೂ ಬಾಯಿ ಮುಚ್ಚಿಕೊಳ್ತೀನಿ.

ನಾಪೋಕ್ಲು ಸ್ಟಿಕ್
ನಿಂಬೆರಸದಲ್ಲಿ ಕಾಲರ್ ಕಲೆ ಮುಕ್ಕಾಲು ಹೋಯ್ತು. ಬ್ಲೀಚ್ ಬಿದ್ದ ಜಾಗ ಹಾಗೇ ಇದೆ.

ಕಾಫಿಹೂ
ಎರಡು ಗೆರೆ, ನಡುವೆ ಐದು ನಿಮಿಷ, ಆಮೇಲೆ ಕಾಲು ಗಂಟೆ, ಹಾಗೇ ಮಾಡಿ ನೋಡಿದೆವು. ನಾಲ್ಕು ಗಂಟೆ ಆದರೂ ಮೂಗಿನ ಪಕ್ಕ ಗೆರೆ ಬಂದಿಲ್ಲ. ಕತ್ತಲೆ ಕೋಣೆ ಫೋಟೋದಲ್ಲಿ ಕಣ್ಣಡಿ ಮಾತ್ರ ಬಿಳಿ, ಪೌಡರ್ ಇಲ್ಲದ ಫೋಟೋದಲ್ಲಿ ಅದೂ ಇಲ್ಲ, ಹಾಗಾಗಿ ಪೌಡರ್ ಬದಲಿಸ್ತಿದ್ದೀವಿ. ಕಿವಿ ಹಿಂದೆ ಜೆಲ್ ಸ್ವಲ್ಪ ಅಂಟಂಟಾಗಿ ಉಳಿದಿದೆ, ಸೀರೆಗೆ ತಾಗಿದರೆ ಕಲೆ ಆಗುತ್ತಾ?

ಔಷಧಿಪೆಟ್ಟಿಗೆ
ಪಟ್ಟಿಯಲ್ಲಿ ಅವೊಬೆನ್ಜೋನ್ ಇದೆಯಾ ನೋಡಿ. ಇದ್ದರೆ ರೇಷ್ಮೆಗೆ ತಾಗದ ಹಾಗೆ ಕತ್ತಿನ ಹಿಂಭಾಗಕ್ಕೆ ಟಿಶ್ಯೂ ಒತ್ತಿ, ಪೂರ್ತಿ ಒಣಗಿದ ಮೇಲೆ ಸೀರೆ ಉಡಿಸಿ. ಇಲ್ಲದಿದ್ದರೂ ಎಣ್ಣೆ ಕಲೆ ಆಗಬಹುದು, ಅದು ಡ್ರೈ ಕ್ಲೀನಿಂಗ್‌ನಲ್ಲಿ ಹೋಗುತ್ತೆ. ಮನೆಯ ಬೋರ್‌ವೆಲ್ ನೀರಲ್ಲಿ ಮಾತ್ರ ಒಗೆಯಬೇಡಿ.